ನೆಲದ ಮೇಲಿನ ಮೊಟ್ಟೆ ಯಾವ ಹಕ್ಕಿಯದು? ಮೂರು ದಾರಿ ನೋಡಿದ ಮೇಲೆ

ಅರಸೀಕೆರೆ ಕಡೆ ರಾಗಿ ಕೊಯ್ದು ಖಾಲಿ ಬಿಟ್ಟ ಹೊಲಗಳಲ್ಲಿ ಬೇಸಿಗೆ ಬಂತೆಂದರೆ ನೆಲದಲ್ಲೇ ಮೊಟ್ಟೆ ಕಾಣುತ್ತವೆ. ಹಕ್ಕಿ ಯಾವುದೆಂದು ತಿಳಿಯಲು ನಾನು ಮೂರು ದಾರಿ ಬಳಸಿ ನೋಡಿದ್ದೇನೆ. ಮೊಟ್ಟೆಯ ಫೋಟೊ, ಜಾಗದ ಫೋಟೊ, ಇಲ್ಲವೇ ದೂರದಲ್ಲಿ ಕೂತು ಕಾಯುವುದು.

ಮೊಟ್ಟೆಯ ಫೋಟೊ ಒಂದು ಹಂತದವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಸಣ್ಣ ತಗ್ಗು, ಸುತ್ತ ಕಲ್ಲುಚೂರು, ಆಡಿನ ಹಿಕ್ಕೆ. ನಡುವೆ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಗೆ ಸೇರಿಕೊಂಡಿವೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಇಷ್ಟು ಕಂಡರೆ ಅದು ಟಿಟ್ಟಿಭ ಎನ್ನಬಹುದು. ತಗ್ಗೇ ಇಲ್ಲದೆ ಬರೀ ನೆಲದಲ್ಲಿ, ಎರಡೂ ತುದಿ ದುಂಡಗಿರುವ ಎರಡೇ ಮೊಟ್ಟೆ ಇದ್ದರೆ ನಾನು ಮೊದಲು ನೆನೆಯುವುದು ರಾತ್ರಿ ಹಾರಾಡುವ ನತ್ತಿಂಗ ಹಕ್ಕಿಯನ್ನು. ಆದರೆ ಕೆಂಪು ಟಿಟ್ಟಿಭವೋ ಹಳದಿ ಟಿಟ್ಟಿಭವೋ ಎಂದರೆ ಫೋಟೊ ಅಲ್ಲಿಗೇ ನಿಲ್ಲುತ್ತದೆ. ಕೆಂಪಿನದರ ಮೊಟ್ಟೆ ಸುಮಾರು 42 ಮಿ.ಮೀ. ಉದ್ದ, ಹಳದಿಯದು 36ರ ಆಸುಪಾಸು. ಅಳತೆಗೆಂದು ಪಕ್ಕದಲ್ಲಿ ನಾಣ್ಯ ಇಡಲು ಹೋಗಬೇಡಿ, ಅಷ್ಟು ಹತ್ತಿರ ಹೋಗುವುದೇ ತಪ್ಪು.

ಜಾಗದ ಫೋಟೊ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಹತ್ತು ಹೆಜ್ಜೆ ದೂರದಿಂದ ತೆಗೆದರೂ ಸಾಕು. ಹತ್ತಿರ ಕೆರೆಯೋ ಗದ್ದೆಯೋ ಇದ್ದರೆ ಕೆಂಪು ಟಿಟ್ಟಿಭದ ಕಡೆ ಒಲವು, ಒಣಗಿದ ಕಲ್ಲುಬಯಲಾದರೆ ಹಳದಿಯ ಕಡೆ. ಆದರೂ ಇದು ಅಂದಾಜೇ. ಕೆಂಪು ಟಿಟ್ಟಿಭ ಒಣ ಹೊಲದಲ್ಲೂ, ಕೆಲವೊಮ್ಮೆ ತಾರಸಿಯ ಮೇಲೂ ಮೊಟ್ಟೆ ಇಡುತ್ತದೆ.

ಕೊನೆಗೆ ತೀರ್ಮಾನ ಕೊಡುವುದು ಕಾಯುವುದೇ. ತಲೆ ಮೇಲೆ ಹಾರಾಡಿ ಕಿರುಚುವ ಹಕ್ಕಿಯನ್ನು ನಂಬಬೇಡಿ, ಪಕ್ಕದ ಗೂಡಿನದೂ ಬಂದು ಕಿರುಚುತ್ತದೆ. ಬದುವಿನ ಮರದಡಿ ದೂರ ಹೋಗಿ ಕೂತು ಬೈನಾಕ್ಯುಲರ್‌ನಲ್ಲಿ ನೋಡಿ. ಬಂದು ಮೊಟ್ಟೆ ಮೇಲೆ ಕೂರುವ ಹಕ್ಕಿಯ ಎದೆ ಕಪ್ಪಾಗಿದ್ದು ಕಣ್ಣಿನ ಮುಂದೆ ಕೆಂಪು ಚರ್ಮ ಇದ್ದರೆ ಕೆಂಪು ಟಿಟ್ಟಿಭ. ಎದೆ ಕಂದು, ತಲೆಗೆ ಕಪ್ಪು ಟೋಪಿ, ಕಣ್ಣಿನ ಮುಂದೆ ಹಳದಿ ಚರ್ಮ ಇದ್ದರೆ ಹಳದಿಯದು. ಮಧ್ಯಾಹ್ನ ಮಾತ್ರ ಈ ಕೆಲಸ ಬೇಡ. ಆ ಬಿಸಿಲಲ್ಲಿ ಹಕ್ಕಿ ಮೊಟ್ಟೆಗೆ ನೆರಳಾಗಿ ನಿಲ್ಲುತ್ತದೆ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ತಂಪು ಮಾಡುತ್ತದೆ. ನಾವು ಅಲ್ಲಿದ್ದರೆ ಅದು ಬರುವುದಿಲ್ಲ, ಮೊಟ್ಟೆ ಬೇಯುತ್ತವೆ. ಬೆಳಗ್ಗೆ ಹೋಗಿ, ಸ್ವಲ್ಪ ಹೊತ್ತಾದರೂ ಹಕ್ಕಿ ಕೂರದಿದ್ದರೆ ಎದ್ದು ಬನ್ನಿ.

ಚಿಕ್ಕಮಗಳೂರಿನ ಕಾಫಿ ತೋಟದಲ್ಲೂ ಇದೇ ಕಥೆ. ಗಿಡದ ಕವಲಿನಲ್ಲಿ ಬಟ್ಟಲಿನಂಥ ಗೂಡು, ನಸುಗೆಂಪು ಮೊಟ್ಟೆಯ ಮೇಲೆ ಕೆಂಪು ಮಚ್ಚೆ ಕಂಡರೆ ಪಿಕಳಾರ ಅನ್ನಿಸುತ್ತದೆ. ಕೆಮ್ಮೀಸೆಯದೋ ಕೆಂಪು ಕಿಬ್ಬೊಟ್ಟೆಯದೋ ಎಂಬುದನ್ನು ಮೊಟ್ಟೆ ನೋಡಿ ಹೇಳಲು ಹೋಗಬೇಡಿ. ಅಲ್ಲಂತೂ ಗೂಡು ಕಾಣಲೆಂದು ಎಲೆ ಸರಿಸಿ ಫೋಟೊ ತೆಗೆಯುವುದು ಬೇಡವೇ ಬೇಡ, ಸರಿಸಿದ ಜಾಗ ಕಾಗೆಯ ಕಣ್ಣಿಗೂ ಬೀಳುತ್ತದೆ.