ವೃತ್ತದ ಪರಿಚಯವೋ, ಜೋಡಿ ಪರಿಚಯವೋ?

ಪರಸ್ಪರ ಗುರುತಿಲ್ಲದ 24 ಶಿಕ್ಷಕರ ಕಾರ್ಯಾಗಾರವನ್ನು ಆರಂಭಿಸುವವರು ಸಾಮಾನ್ಯವಾಗಿ ಎರಡು ಕ್ರಮಗಳಲ್ಲಿ ಒಂದನ್ನು ಆರಿಸುತ್ತಾರೆ: ಎಲ್ಲರೂ ವೃತ್ತದಲ್ಲಿ ಕುಳಿತು ಸರದಿಯಂತೆ ಹೆಸರು, ಊರು ಹೇಳುವುದು, ಇಲ್ಲವೇ ಮೊದಲು ಇಬ್ಬಿಬ್ಬರಾಗಿ ಮಾತನಾಡುವುದು.

ವೃತ್ತಕ್ಕೆ ಸಿದ್ಧತೆ ಬೇಕಿಲ್ಲ, ಎಲ್ಲರ ಹೆಸರೂ ಎಲ್ಲರ ಕಿವಿಗೆ ಬೀಳುತ್ತದೆ. ಎಂಟು ಜನರಷ್ಟೇ ಇದ್ದರೆ ನಾನೂ ಅದನ್ನೇ ಆರಿಸುತ್ತೇನೆ. ಆದರೆ 24 ಜನರಿಗೆ ತಲಾ ಒಂದು ನಿಮಿಷವೆಂದರೆ ಪ್ರತಿಯೊಬ್ಬರೂ 23 ನಿಮಿಷ ಸುಮ್ಮನೆ ಕೂರಬೇಕಾಗುತ್ತದೆ, ಮತ್ತು ಸಂಕೋಚದವರು ಆ ಹೊತ್ತಿನಲ್ಲಿ ಇತರರನ್ನು ಕೇಳಿಸಿಕೊಳ್ಳುವ ಬದಲು ತಮ್ಮ ವಾಕ್ಯವನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತಿರುತ್ತಾರೆ. ತಮ್ಮ ಸರದಿಗೆ ತುಸು ಮುಂಚೆ ಇತರರು ಆಡಿದ್ದು ಜನರ ನೆನಪಿನಲ್ಲಿ ಕಡಿಮೆ ಉಳಿಯುತ್ತದೆಂದು ಮನಶ್ಶಾಸ್ತ್ರ ಸಂಶೋಧಕ ಮಾಲ್ಕಮ್ ಬ್ರೆನ್ನರ್ 1973ರಲ್ಲೇ ತೋರಿಸಿದ್ದಾರೆ.

ಜೋಡಿ ಕ್ರಮದಲ್ಲಿ ಮೊದಲು ಚೀಟಿಯ ಮೇಲೆ ಎರಡು ನಿಮಿಷ ಬರೆಯಲು ಬಿಡಬೇಕು. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಮೌನಿಗಳು ತಡವರಿಸುತ್ತಾರೆ. ‘ಕಳೆದ ವಾರ ಯಾವ ಪಾಠ ಮಕ್ಕಳಿಗೆ ಕಷ್ಟವಾಯಿತು?’ ಎಂದು ಕೇಳಿದರೆ ಚೀಟಿ ನೋಡಿಯಾದರೂ ಉತ್ತರಿಸುತ್ತಾರೆ. ನಂತರ ಇಬ್ಬರಿಗೂ ಎರಡೆರಡು ನಿಮಿಷ ಕೊಟ್ಟು, ನಡುವೆ ಗಂಟೆ ಬಾರಿಸಬೇಕು, ಇಲ್ಲದಿದ್ದರೆ ಮಾತುಗಾರರೇ ನಾಲ್ಕೂ ನಿಮಿಷ ಮಾತನಾಡಿಬಿಡುತ್ತಾರೆ. ಕೊನೆಗೆ ಎರಡು ಜೋಡಿಗಳು ಸೇರಿ ಆರು ನಿಮಿಷ ಮಾತನಾಡಲಿ. ಒಟ್ಟು 12 ನಿಮಿಷದಲ್ಲಿ ಪ್ರತಿಯೊಬ್ಬರ ದನಿಯೂ ಎರಡು ಸಲ ಹೊರಬಂದಿರುತ್ತದೆ.

ಇದರ ಕೊರತೆಯೆಂದರೆ, ಉಳಿದ 20 ಜನರ ಹೆಸರು ತಿಳಿಯುವುದಿಲ್ಲ. ಎದೆಯ ಮೇಲೆ ದೊಡ್ಡ ಅಕ್ಷರದ ಹೆಸರುಚೀಟಿ ಅಂಟಿಸಿದರೆ ಅದು ಬಹುಮಟ್ಟಿಗೆ ನೀಗುತ್ತದೆ. ಇಡೀ ಗುಂಪಿಗೆ ವರದಿ ಹೇಳಲು ಯಾರನ್ನೂ ಹೆಸರು ಹಿಡಿದು ಕರೆಯಬಾರದು.