ಏಜಿಂಗ್ ರಿಪೋರ್ಟ್ ನಂಬುವ ಮೊದಲು ಕ್ರೆಡಿಟ್ ನೋಟ್ ನೋಡಿ

ಅಂಗಡಿಗಳಿಗೆ ಸಾಲದ ಮೇಲೆ ಮಾಲು ಹಾಕುವ ಡಿಸ್ಟ್ರಿಬ್ಯೂಟರ್‌ಗಳು ಇದನ್ನೊಮ್ಮೆ ಓದಿ. ನಮ್ಮ ಲೈನಿನ ಒಂದು ದೊಡ್ಡ ಅಂಗಡಿ ರಾತ್ರೋರಾತ್ರಿ ಬಾಗಿಲು ಹಾಕಿತು. ನಮಗೆ ಬರಬೇಕಿದ್ದ ಬಾಕಿ 3,60,000 ರೂಪಾಯಿ. ಆದರೆ ಏಜಿಂಗ್ ರಿಪೋರ್ಟಿನಲ್ಲಿ ಕೊನೆವರೆಗೂ ಅದು ಒಳ್ಳೆ ಪಾರ್ಟಿ!

ಏಜಿಂಗ್ ರಿಪೋರ್ಟ್ ಅಂದರೆ ಬಾಕಿಯನ್ನು ಬಿಲ್ಲಿನ ವಯಸ್ಸಿನ ಪ್ರಕಾರ ವಿಂಗಡಿಸಿದ ಪಟ್ಟಿ. 30 ದಿನದೊಳಗಿನದು, 31ರಿಂದ 60, 61ರಿಂದ 90, ಅದಕ್ಕೂ ಹಳೆಯದು. ಈ ಅಂಗಡಿಯದು 3,00,000 ಮೊದಲ ಕಾಲಂನಲ್ಲಿ, 60,000 ಎರಡನೆಯದರಲ್ಲಿ. ಮುಂದಿನ ಎರಡೂ ಖಾಲಿ.

ಅಸಲಿ ಕಥೆ ಬೇರೆ ಇತ್ತು. ಹಳೇ ಬಾಕಿ ಜಾಸ್ತಿ ಇದ್ದರೆ ಸೇಲ್ಸ್‌ಮನ್‌ಗೆ ಇನ್ಸೆಂಟಿವ್ ಸಿಗುತ್ತಿರಲಿಲ್ಲ. ಹಾಗಾಗಿ ಹಳೇ ಬಿಲ್ಲಿಗೆ ಮಾಲು ವಾಪಸ್ ಅಂತ ಕ್ರೆಡಿಟ್ ನೋಟ್ ಹಾಕಿಸಿ, ಅದೇ ಮಾಲಿಗೆ ಹೊಸ ತಾರೀಖಿನ ಬಿಲ್ ಮಾಡಿಸುತ್ತಿದ್ದ. ಮಾಲು ಅಂಗಡಿಯಿಂದ ಕದಲಿರಲೇ ಇಲ್ಲ. ಮೊದಲ ಕಾಲಂನಲ್ಲಿದ್ದ 3,00,000ದಲ್ಲಿ 2,40,000 ನಿಜವಾಗಿ 90 ದಿನ ದಾಟಿದ ಬಾಕಿ. "ಸರ್, ವಾಪಸ್ ಬಂತು, ಮತ್ತೆ ಕಳಿಸಿದ್ವಿ" ಅಂದ ಬಿಲ್ಲಿಂಗ್ ಹುಡುಗ. ಗೋಡೌನ್ ಪುಸ್ತಕದಲ್ಲಿ ಒಳಗೆ ಬಂದ ಗುರುತೇ ಇಲ್ಲ.

ಇದರ ಪೆಟ್ಟು ಬೀಳುವುದು ಪ್ರಾವಿಷನ್ ಮೇಲೆ. ಪ್ರಾವಿಷನ್ ಅಂದರೆ ಬರದೇ ಹೋಗಬಹುದಾದ ಬಾಕಿಗೆ ಮೊದಲೇ ಲಾಭದಲ್ಲಿ ಕಡಿಮೆ ಮಾಡಿ ಬರೆಯುವ ಮೊತ್ತ. ದುಡ್ಡು ಬೇರೆ ಕಡೆ ಎತ್ತಿಡುವುದಲ್ಲ, ಲೆಕ್ಕ ಅಷ್ಟೇ. ನಮ್ಮಲ್ಲಿ ಎರಡನೇ ಕಾಲಂಗೆ 5%, 90 ದಿನ ದಾಟಿದ್ದಕ್ಕೆ 50% ಅಂತ ಇಟ್ಟುಕೊಂಡಿದ್ದೇವೆ. ರಿಪೋರ್ಟ್ ಪ್ರಕಾರ ಈ ಅಂಗಡಿಗೆ ಬಂದ ಪ್ರಾವಿಷನ್ ಬರೀ 3,000. ನಿಜವಾದ ತಾರೀಖು ಹಿಡಿದರೆ 1,23,000. ಆ ವ್ಯತ್ಯಾಸವನ್ನು ಲಾಭ ಅಂತ ನಂಬಿ ಅದೇ ಅಂಗಡಿಗೆ ಇನ್ನೂ ಮಾಲು ಹೋಯಿತು.

ದುಡ್ಡು ಇನ್ನು ಬರಲ್ಲ ಅಂತಾದಾಗ ಪಾರ್ಟಿ ಖಾತೆಯಿಂದ ಬಾಕಿ ತೆಗೆದುಹಾಕುವುದು ರೈಟ್ ಆಫ್. ಇನ್ಕಮ್ ಟ್ಯಾಕ್ಸ್‌ನಲ್ಲಿ ನಮ್ಮಂಥವರಿಗೆ ಖರ್ಚು ಅಂತ ಸಿಗುವುದು ಇದಕ್ಕೇ, ಸುಮ್ನೆ ಪ್ರಾವಿಷನ್ ಬರೆದಿಟ್ಟರೆ ಸಿಗಲ್ಲ. ಜಿಎಸ್‌ಟಿ ಕಥೆ ಇನ್ನೂ ಕಹಿ: ಅಂಗಡಿಯವನು ದುಡ್ಡು ಕೊಡಲಿಲ್ಲ ಅಂತ ನಾವು ಕಟ್ಟಿದ ತೆರಿಗೆ ವಾಪಸ್ ಬರಲ್ಲ.

ಈಗ ತಿಂಗಳ ಕೊನೆಯಲ್ಲಿ ಮೊದಲು ತೆರೆಯುವುದು ಕ್ರೆಡಿಟ್ ನೋಟ್ ರಿಜಿಸ್ಟರ್. ವಾಪಸ್ ಬಂದ ಎರಡು ಮೂರು ದಿನದಲ್ಲಿ ಅದೇ ಪಾರ್ಟಿಗೆ, ಅದೇ ಐಟಂ, ಅದೇ ಮೊತ್ತದ ಬಿಲ್ ಆಗಿದ್ದರೆ ಗೋಡೌನ್ ಎಂಟ್ರಿ ಕೇಳಿ. ಅಂಗಡಿಯವರಿಂದ ಬಿಲ್ ನಂಬರ್, ತಾರೀಖು ಸಮೇತ ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಅದನ್ನು ತರಲು ಮಾತ್ರ ಆ ಲೈನಿನ ಸೇಲ್ಸ್‌ಮನ್‌ನನ್ನೇ ಕಳಿಸಬೇಡಿ.