ಲಾಡ್ಜ್‌ನ ವೈಫೈ ಹೆಸರಿನಲ್ಲೇ ನನ್ನ ಪಾಸ್‌ವರ್ಡ್ ಕದ್ದರು

ವೈಫೈ ಪಟ್ಟಿಯಲ್ಲಿ ಎರಡು ಹೆಸರುಗಳಿದ್ದವು: Guest_WiFi ಮತ್ತು Guest-WiFi. ಒಂದರಲ್ಲಿ ಅಡಿಗೆರೆ, ಇನ್ನೊಂದರಲ್ಲಿ ಅಡ್ಡಗೆರೆ, ಅಷ್ಟೇ ವ್ಯತ್ಯಾಸ. ಸಿಗ್ನಲ್ ಚೆನ್ನಾಗಿದ್ದದ್ದನ್ನು ಒತ್ತಿದೆ. ಯಾರಾದರೂ ಅದನ್ನೇ ಅಲ್ಲವೇ ಒತ್ತುವುದು?

ಒಂದು ಪುಟ ತೆರೆಯಿತು. ಮೇಲೆ ಲಾಡ್ಜ್‌ನ ಲಾಂಛನ, ಕೆಳಗೆ ‘ಇಮೇಲ್ ಖಾತೆಯ ಮೂಲಕ ಪ್ರವೇಶಿಸಿ’ ಎಂಬ ಸೂಚನೆ. ಪಾಸ್‌ವರ್ಡ್ ಹಾಕಿದೆ. ‘ತಪ್ಪಾಗಿದೆ, ಮತ್ತೊಮ್ಮೆ ಹಾಕಿ’ ಎಂದಿತು. ನನ್ನ ಇನ್ನೊಂದು ಪಾಸ್‌ವರ್ಡ್ ಇರಬಹುದೇನೋ ಎಂದು ಅದನ್ನೂ ಹಾಕಿದೆ. ಒಳಗೆ ಬಿಟ್ಟಿತು! ಇಂಟರ್ನೆಟ್ ಸರಾಗವಾಗಿ ಓಡಿತು. ಓಡದೇ ಏನು, ಕಳ್ಳ ತನ್ನ ಸಂಪರ್ಕವನ್ನೇ ನಮಗೆ ಹಂಚುತ್ತಾನೆ, ಅನುಮಾನ ಬರಬಾರದಲ್ಲ. ಮೊದಲ ಪಾಸ್‌ವರ್ಡ್ ತಪ್ಪಾಗಿರಲೇ ಇಲ್ಲ. ಎರಡನೆಯದನ್ನೂ ಬಾಯಿಬಿಡಿಸಲು ಹೂಡಿದ ಆಟ ಅದು.

ರಾತ್ರಿ ನನ್ನ ಖಾತೆಗೆ ಬೇರೆ ಸಾಧನದಿಂದ ಪ್ರವೇಶವಾಗಿದೆ ಎಂಬ ಸಂದೇಶ ಬಂತು. ಮೊಬೈಲ್ ಡೇಟಾ ಹಾಕಿಕೊಂಡು ಪಾಸ್‌ವರ್ಡ್ ಬದಲಿಸಿ, ಉಳಿದೆಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿದೆ. ಆಮೇಲೆ ಸಿಟ್ಟಿಗೆ ಮತ್ತೆ ಅದೇ ವೈಫೈ ಸೇರಿ, ಇಲ್ಲದ ಇಮೇಲ್ ವಿಳಾಸ ಕೊಟ್ಟು, ಪಾಸ್‌ವರ್ಡ್ ಜಾಗದಲ್ಲಿ ಬರೀ ‘asdfgh’ ಎಂದು ಒತ್ತಿದೆ. ಮೊದಲು ಅದೇ ‘ತಪ್ಪಾಗಿದೆ’, ಎರಡನೆಯ ಸಲ ಒಳಗೆ! ಆ ಕ್ಷಣ ಮೈ ಉರಿದುಹೋಯಿತು.

ಸ್ವಾಗತ ಕೌಂಟರ್‌ನಲ್ಲಿ ಕೇಳಿದರೆ, “ನಮ್ಮ ವೈಫೈ ಕೋಣೆ ಸಂಖ್ಯೆ ಮಾತ್ರ ಕೇಳುತ್ತದೆ ಸಾರ್, ನೀವು ಸೇರಿದ್ದು ಬೇರೆ ಯಾವುದೋ” ಎಂದರು. ಹಾಗಾದರೆ ಆ ಇನ್ನೊಂದು? “ಅದು ಆಗಾಗ ಕಾಣಿಸುತ್ತಿರುತ್ತದೆ.” ಕಾಣಿಸುತ್ತಿರುತ್ತದೆಯಂತೆ! ಗೊತ್ತಿದ್ದೂ ಒಂದು ಚೀಟಿ ಅಂಟಿಸಲಿಲ್ಲ. ಮೇಲ್ವಿಚಾರಕರದು ಇನ್ನೂ ಚೆಂದ: “ನೀವು ವಿಪಿಎನ್ ಹಾಕಿಕೊಳ್ಳಬೇಕಿತ್ತು.” ಸ್ವಾಮಿ, ನಾವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದಂತೆ ಮುಚ್ಚಿ ಕಳಿಸುವ ಈ ವಿಪಿಎನ್, ಪ್ರವೇಶ ಪುಟ ದಾಟುವವರೆಗೆ ಸಾಮಾನ್ಯವಾಗಿ ಜೋಡಣೆಯೇ ಆಗುವುದಿಲ್ಲ. ಆಗಿದ್ದರೂ, ಕಳ್ಳನ ಪುಟದಲ್ಲಿ ನಾನೇ ಬೆರಳಿನಿಂದ ಒತ್ತಿದ್ದನ್ನು ಅದು ಹೇಗೆ ಮುಚ್ಚಿಡುತ್ತದೆ?

ವೈಫೈಗೆ ಯಾರು ಬೇಕಾದರೂ ಯಾವ ಹೆಸರನ್ನಾದರೂ ಇಡಬಹುದು, ಅಕ್ಷರಕ್ಕೆ ಅಕ್ಷರ ಅದೇ ಹೆಸರನ್ನೂ ಇಡಬಹುದು. ಸಿಗ್ನಲ್ ಜೋರಾಗಿದೆ ಎಂದರೆ ಆ ಪೆಟ್ಟಿಗೆ ನಿಮಗೆ ಹತ್ತಿರವಿರಬಹುದು, ಅಷ್ಟೇ. ಸರಿಯಾದ ಹೆಸರು ಯಾವುದು, ಪ್ರವೇಶ ಪುಟ ಏನು ಕೇಳುತ್ತದೆ, ಎರಡನ್ನೂ ಸಿಬ್ಬಂದಿಯಿಂದಲೇ ಕೇಳಿಕೊಳ್ಳಿ. ಕೋಣೆ ಸಂಖ್ಯೆಯನ್ನೋ ಓಟಿಪಿಯನ್ನೋ ಕೇಳುವುದು ವಾಡಿಕೆ. ಇಮೇಲ್ ಪಾಸ್‌ವರ್ಡ್ ಕೇಳಿದರೆ ತಕ್ಷಣ ಹೊರಬನ್ನಿ. ಅನುಮಾನವಿದ್ದರೆ ಮೊದಲು ಸುಳ್ಳು ವಿವರ ಹಾಕಿ ನೋಡಿ. ಅದನ್ನು ಒಪ್ಪಿಕೊಂಡರೆ ಆ ಪುಟ ಏನನ್ನೂ ಪರಿಶೀಲಿಸುತ್ತಿಲ್ಲ ಎಂದರ್ಥ. ಒಪ್ಪದಿದ್ದರೂ ನಂಬಬೇಡಿ, ನನಗೂ ಮೊದಲು ‘ತಪ್ಪಾಗಿದೆ’ ಎಂದೇ ಹೇಳಿತ್ತು. ಕೆಲಸ ಮುಗಿದ ಮೇಲೆ ಆ ಹೆಸರನ್ನು ಮೊಬೈಲ್‌ನಿಂದ ಅಳಿಸಿ. ಇಲ್ಲದಿದ್ದರೆ ಅದೇ ಹೆಸರಿನ ತೆರೆದ ವೈಫೈ ಎಲ್ಲಿ ಕಂಡರೂ ಮೊಬೈಲ್ ನಿಮ್ಮನ್ನು ಕೇಳದೆಯೇ ಅದಕ್ಕೆ ಸೇರಿಕೊಳ್ಳಬಹುದು.

ಲಾಡ್ಜ್‌ನವರಿಗೆ ಬರೆದು ದೂರು ಕೊಟ್ಟಿದ್ದೇನೆ. “ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು” ಎಂಬ ಉತ್ತರ ಬಂದಿದೆ.